ಬೀಜದ ದರ ಏರಿದಾಗ ಪುಡಿಯ ದರ: ದಾಟಿಸುವುದೇ, ನುಂಗುವುದೇ, ಹಂಚಿಕೊಳ್ಳುವುದೇ?

ಕುಶಾಲನಗರ, ಗೋಣಿಕೊಪ್ಪ, ವಿರಾಜಪೇಟೆಯಂಥ ಊರುಗಳಲ್ಲಿ ಕಾಫಿ ಬೀಜ ಹುರಿದು ಪುಡಿ ಮಾಡಿ ಮಾರುವ ಸಣ್ಣ ಅಂಗಡಿಗಳು ಬಹಳ ಇವೆ. ಅವರಿಗೆ ಬೀಜ ಕೊಡುವವರು ಒಬ್ಬರೋ ಇಬ್ಬರೋ ವ್ಯಾಪಾರಿಗಳು. ಒಂದು ಬೆಳಿಗ್ಗೆ ಆ ವ್ಯಾಪಾರಿಯಿಂದ ಫೋನ್ ಬರುತ್ತದೆ: "ಮುಂದಿನ ಲೋಡಿನಿಂದ ಕಿಲೋಗೆ ಐವತ್ತು ರೂಪಾಯಿ ಜಾಸ್ತಿ." ಅಂಗಡಿಯವರಿಗೆ ಅಂದು ಸಂಜೆಯೊಳಗೆ ಒಂದು ತೀರ್ಮಾನ ಬೇಕಾಗುತ್ತದೆ. ಏರಿಕೆಯನ್ನು ಪೂರ್ತಿ ಗ್ರಾಹಕರ ಮೇಲೆ ಹಾಕಬಹುದು, ಪೂರ್ತಿ ತಾವೇ ನುಂಗಬಹುದು, ಇಲ್ಲವೇ ಅರ್ಧರ್ಧ ಮಾಡಬಹುದು. ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ ನೋಡುವ ಕೆಲಸದಲ್ಲಿ ನಾನು ಕಂಡಂತೆ, ಹೆಚ್ಚಿನವರು ಈ ಮೂರರಲ್ಲಿ ಒಂದನ್ನು ಧೈರ್ಯದ ಮೇಲೆ ಆರಿಸುತ್ತಾರೆ, ಲೆಕ್ಕದ ಮೇಲಲ್ಲ. ಧೈರ್ಯ ಇದ್ದವರು ಏರಿಸುತ್ತಾರೆ, ಸಂಕೋಚದವರು ನುಂಗುತ್ತಾರೆ. ನಿಜವಾಗಿ ಮೂರೂ ದಾರಿಗಳು ಒಂದೇ ಅಂಗಡಿಯಲ್ಲಿ, ಒಂದೇ ತಿಂಗಳಲ್ಲಿ, ಬೇರೆ ಬೇರೆ ಗ್ರಾಹಕರಿಗೆ ಸರಿಹೋಗುತ್ತವೆ. ಯಾವುದು ಯಾರಿಗೆ ಎಂಬುದೇ ಪ್ರಶ್ನೆ.

ಇಂಥ ಏರಿಕೆ ಕೊಡಗಿಗೆ ಹೊಸದಲ್ಲ. 2021ರ ಜುಲೈನಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅರೇಬಿಕಾ ದರ ಮೇಲೆದ್ದಿತು. ವಿಯೆಟ್ನಾಂನಲ್ಲಿ ಬರ ಬಂದು ರೊಬಸ್ಟಾ ಕಡಿಮೆಯಾದಾಗ, ಇಲ್ಲಿ 2023ರ ಆರಂಭದಲ್ಲಿ ಐದು ಸಾವಿರದ ಆಸುಪಾಸಿನಲ್ಲಿದ್ದ ರೊಬಸ್ಟಾ ಚೆರಿಯ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ, ಐವತ್ತು ಕಿಲೋ ಮೂಟೆ 2024ರಲ್ಲಿ ಹತ್ತು ಸಾವಿರ ದಾಟಿತು. ಅದೇ ವರ್ಷ ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರ್ ಮೀರಿತು. ಬೆಳೆಗಾರನ ಮನೆಯಲ್ಲಿ ಸಂತಸ, ಪಕ್ಕದ ಪುಡಿ ಅಂಗಡಿಯಲ್ಲಿ ಸಂಕಟ. ಎರಡೂ ಒಂದೇ ಬೀದಿಯಲ್ಲಿ ಇರುವುದರಿಂದ ಇಲ್ಲಿನ ಪುಡಿ ವ್ಯಾಪಾರಕ್ಕೆ ಬೇರೆಡೆ ಇಲ್ಲದ ಒಂದು ಗುಣವಿದೆ: ಗಿರಾಕಿಗೆ ಬೀಜದ ದರ ಗೊತ್ತು. ಅದರ ಪರಿಣಾಮವನ್ನು ಕೊನೆಗೆ ಹೇಳುತ್ತೇನೆ.

ಮೊದಲು ಏರಿಕೆಯ ನಿಜವಾದ ಗಾತ್ರ

ಒಂದು ಅಂಗಡಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಲೆಕ್ಕ ಸುಲಭವಾಗಲೆಂದು ದುಂಡು ಸಂಖ್ಯೆಗಳನ್ನು ಹಾಕಿದ್ದೇನೆ. ನಿಮ್ಮ ಸಂಖ್ಯೆ ಬೇರೆ ಇರುತ್ತದೆ, ದಾರಿ ಇದೇ. ತಿಂಗಳಿಗೆ 400 ಕಿಲೋ ಪುಡಿ ಮಾರಾಟ. ಎಂಬತ್ತು ಭಾಗ ಕಾಫಿ, ಇಪ್ಪತ್ತು ಭಾಗ ಚಿಕೋರಿ. ಸಂಸ್ಕರಿಸಿದ ಹಸಿ ಬೀಜ ಕಿಲೋಗೆ 300 ರೂಪಾಯಿ ಇದ್ದದ್ದು 350 ಆಯಿತು.

ಹಸಿ ಬೀಜ ಹುರಿದಾಗ ತೂಕ ಕಳೆದುಕೊಳ್ಳುತ್ತದೆ. ಫಿಲ್ಟರ್ ಕಾಫಿಗೆ ಬೇಕಾದ ಹದಕ್ಕೆ ಹುರಿದರೆ ಸುಮಾರು ಆರನೇ ಒಂದು ಭಾಗ ಹೋಗುತ್ತದೆ ಎಂದಿಟ್ಟುಕೊಳ್ಳಿ. ಅಂದರೆ ಒಂದು ಕಿಲೋ ಹುರಿದ ಬೀಜಕ್ಕೆ 1.2 ಕಿಲೋ ಹಸಿ ಬೀಜ ಬೇಕು. ಆದ್ದರಿಂದ ಹುರಿದ ಕಾಫಿಯ ಅಸಲು 360ರಿಂದ 420ಕ್ಕೆ ಏರಿತು. ಆದರೆ ಪುಡಿಯಲ್ಲಿ ಕಾಫಿ ಎಂಬತ್ತು ಭಾಗ ಮಾತ್ರ, ಹೀಗಾಗಿ ಅದರ ಪಾಲು 288ರಿಂದ 336. ಚಿಕೋರಿ ಕಿಲೋಗೆ 150ರಂತೆ ಇಪ್ಪತ್ತು ಭಾಗಕ್ಕೆ 30 ರೂಪಾಯಿ, ಅದು ಬದಲಾಗಿಲ್ಲ. ಹುರಿಯುವ ಗ್ಯಾಸು, ಕರೆಂಟು, ಕವರು ಸೇರಿ 32 ರೂಪಾಯಿ, ಅದೂ ಬದಲಾಗಿಲ್ಲ. ಒಟ್ಟು ಅಸಲು 350 ಇದ್ದದ್ದು 398 ಆಯಿತು. ಏರಿಕೆ 48 ರೂಪಾಯಿ.

ಇಲ್ಲೇ ಒಂದು ಸಂಗತಿ ಕಣ್ಣಿಗೆ ಬೀಳಬೇಕು. ವ್ಯಾಪಾರಿಯ ಏರಿಕೆ 300ಕ್ಕೆ 50, ಅಂದರೆ ಹತ್ತಿರಹತ್ತಿರ ಶೇಕಡಾ 17. ಪುಡಿಯನ್ನು ತೆರಿಗೆ ಬಿಟ್ಟು 450ಕ್ಕೆ ಮಾರುತ್ತಿದ್ದ ಅಂಗಡಿಯವರು "ಬೀಜ ಶೇಕಡಾ ಹದಿನೇಳು ಏರಿದೆ, ನಾವೂ ಅಷ್ಟೇ ಏರಿಸಿದ್ದೇವೆ" ಎಂದು 525 ಮಾಡಿದರೆ ಅದು ಏರಿಕೆಯನ್ನು ದಾಟಿಸಿದಂತಲ್ಲ, ಏರಿಕೆಯ ನೆಪದಲ್ಲಿ ಕಿಲೋಗೆ 27 ರೂಪಾಯಿ ಹೆಚ್ಚು ಲಾಭ ಮಾಡಿಕೊಂಡಂತೆ. ಸರಿಯಾಗಿ ದಾಟಿಸುವುದೆಂದರೆ 450ಕ್ಕೆ 48 ಸೇರಿಸಿ 498. ಇದು ಶೇಕಡಾ 11ಕ್ಕಿಂತ ಕಡಿಮೆ. ಶೇಕಡಾವಾರು ಮಾತನ್ನು ಬದಿಗಿಟ್ಟು ರೂಪಾಯಿಯಲ್ಲಿ ಯೋಚಿಸಿ ಎಂದು ನಾನು ಪ್ರತಿಯೊಬ್ಬರಿಗೂ ಹೇಳುವುದು ಇದಕ್ಕೇ.

80:20 ಪುಡಿಗೆ ಒಂದು ಸುಲಭದ ಸೂತ್ರವೂ ಸಿಗುತ್ತದೆ. 1.2ರಲ್ಲಿ ಎಂಬತ್ತು ಭಾಗ ಎಂದರೆ 0.96. ಹಾಗಾಗಿ ಹಸಿ ಬೀಜ ಹತ್ತು ರೂಪಾಯಿ ಏರಿದರೆ ಪುಡಿಯ ಅಸಲು ಹೆಚ್ಚುಕಡಿಮೆ ಹತ್ತೇ ರೂಪಾಯಿ ಏರುತ್ತದೆ. ಶುದ್ಧ ಕಾಫಿಪುಡಿಗೆ ಹತ್ತಕ್ಕೆ ಹನ್ನೆರಡು, 70:30 ಪುಡಿಗೆ ಹತ್ತಕ್ಕೆ ಎಂಟೂವರೆ. ಎಲ್ಲ ಬಗೆಯ ಪುಡಿಗೂ ಒಂದೇ ಸಮ ಐವತ್ತು ರೂಪಾಯಿ ಏರಿಸುವ ಅಂಗಡಿಗಳಿವೆ. ಅಲ್ಲಿ ಚಿಕೋರಿ ಹೆಚ್ಚು ಕುಡಿಯುವವರು ಶುದ್ಧ ಕಾಫಿ ಕುಡಿಯುವವರ ಏರಿಕೆಯ ಸ್ವಲ್ಪ ಭಾಗವನ್ನು ಕಟ್ಟುತ್ತಿರುತ್ತಾರೆ. ಸಾಮಾನ್ಯವಾಗಿ ಚಿಕೋರಿ ಹೆಚ್ಚಿನ ಪುಡಿ ಕೊಳ್ಳುವವರು ಕಡಿಮೆ ದುಡ್ಡಿನವರು. ಅದು ಸರಿಯಲ್ಲ.

ಗ್ರಾಹಕರ ಕಡೆ ತಿರುಗುವ ಮೊದಲು ವ್ಯಾಪಾರಿಯ ಜೊತೆ ಒಂದು ಮಾತಾಡಬೇಕು. ಏರಿದ್ದು ದರವೋ, ಸರಕೋ? ಚೆರಿಯನ್ನು ಮೂಟೆ ಲೆಕ್ಕದಲ್ಲಿ ಕೊಂಡು ಕ್ಯೂರಿಂಗ್ ಮಾಡಿಸುವವರಿಗೆ ಇದು ಇನ್ನೂ ಮುಖ್ಯ. ಐವತ್ತು ಕಿಲೋ ಮೂಟೆಗೆ 8,000 ರೂಪಾಯಿ ಕೊಟ್ಟು ಔಟ್‌ಟರ್ನ್, ಅಂದರೆ ಮೂಟೆಯಿಂದ ಸಿಗುವ ಬೀಜ, 28 ಕಿಲೋ ಬಂದರೆ ಬೀಜಕ್ಕೆ ಕಿಲೋಗೆ 286 ಬೀಳುತ್ತದೆ. 26 ಬಂದರೆ 308. ಮೂಟೆಯ ದರ ಅಷ್ಟೇ ಇದ್ದರೂ ಅಸಲಿನಲ್ಲಿ 22 ರೂಪಾಯಿ ವ್ಯತ್ಯಾಸ. ತೇವ ಹೆಚ್ಚಿರುವ ಬೀಜವೂ ಹೀಗೆಯೇ: ಹುರಿಯುವಾಗ ತೂಕ ಇನ್ನಷ್ಟು ಕಳೆಯುತ್ತದೆ, ನೀರಿಗೆ ಕಾಫಿಯ ದರ ಕೊಟ್ಟಂತಾಗುತ್ತದೆ. ಏರಿದ ದರಕ್ಕೆ ಒಪ್ಪುವುದಾದರೆ ಔಟ್‌ಟರ್ನ್ ಮತ್ತು ತೇವ ಎರಡನ್ನೂ ಮಾತಿನಲ್ಲಿ ಸೇರಿಸಿ. ಜೊತೆಗೆ, ಎರಡು ತಿಂಗಳಿಗೆ ಬೇಕಾದಷ್ಟು ಬೀಜವನ್ನು ಒಂದೇ ದರಕ್ಕೆ ಕಾದಿರಿಸಲು ಕೇಳಿ. ಸಿಕ್ಕರೆ ಗ್ರಾಹಕರಿಗೆ ನೀವೂ ಎರಡು ತಿಂಗಳ ಮಾತು ಕೊಡಬಹುದು.

ಮೂರು ದಾರಿ, ಒಂದೇ ಅಂಗಡಿ

ಏರಿಕೆಗೆ ಮುಂಚೆ ಕಿಲೋಗೆ ನೂರು ರೂಪಾಯಿ ಉಳಿಯುತ್ತಿತ್ತು, ತಿಂಗಳಿಗೆ 40,000. ಬಾಡಿಗೆ, ಒಬ್ಬರ ಸಂಬಳ, ಯಂತ್ರದ ಸಾಲದ ಕಂತು ಸೇರಿ 28,000 ಖರ್ಚು. ಮನೆಗೆ 12,000. ಈಗ ಮೂರು ದಾರಿಗಳನ್ನು ಪಕ್ಕಪಕ್ಕದಲ್ಲಿಡೋಣ.

| | ಪೂರ್ತಿ ದಾಟಿಸಿದರೆ | ಅರ್ಧರ್ಧ | ಪೂರ್ತಿ ನುಂಗಿದರೆ |
|---|---|---|---|
| ತೆರಿಗೆ ಬಿಟ್ಟು ಕಿಲೋ ದರ | 498 | 474 | 450 |
| ಕಿಲೋಗೆ ಉಳಿಯುವುದು | 100 | 76 | 52 |
| 400 ಕಿಲೋಗೆ ಉಳಿಯುವುದು | 40,000 | 30,400 | 20,800 |
| ಖರ್ಚು ತೀರಲು ಮಾರಬೇಕಾದ್ದು | 280 ಕಿಲೋ | ಸುಮಾರು 368 ಕಿಲೋ | ಸುಮಾರು 538 ಕಿಲೋ |

ಕೊನೆಯ ಸಾಲನ್ನು ನಿಧಾನವಾಗಿ ಓದಿ. ಪೂರ್ತಿ ನುಂಗಿದರೆ ಈಗ ಮಾರುತ್ತಿರುವುದಕ್ಕಿಂತ 138 ಕಿಲೋ ಹೆಚ್ಚು ಮಾರಿದರೆ ಮಾತ್ರ ಖರ್ಚು ತೀರುತ್ತದೆ. ದರ ಏರಿಸದೆ ಇದ್ದ ಮಾತ್ರಕ್ಕೆ ಅಷ್ಟು ಹೊಸ ಗಿರಾಕಿಗಳು ಬರುವುದಿಲ್ಲ. ಹಾಗಾಗಿ ನುಂಗುವುದೆಂದರೆ ತಿಂಗಳಿಗೆ 7,200 ರೂಪಾಯಿ ಕೈಯಿಂದ ಹಾಕುವುದು. ಮೂವತ್ತು ಸಾವಿರ ಉಳಿತಾಯ ಇದ್ದವರು ನಾಲ್ಕು ತಿಂಗಳು ತಡೆಯಬಹುದು, ಅದೂ ಮನೆಗೆ ಒಂದು ಪೈಸೆ ಒಯ್ಯದೆ.

ದಾಟಿಸುವವರ ಭಯ ಗಿರಾಕಿ ಬಿಟ್ಟುಹೋಗುತ್ತಾರೆ ಎಂಬುದು. ಎಷ್ಟು ಜನ ಬಿಟ್ಟರೆ ದಾಟಿಸಿದ್ದು ತಪ್ಪಾಗುತ್ತದೆ? ಪೂರ್ತಿ ನುಂಗಿದಾಗ ಬರುವ 20,800 ರೂಪಾಯಿ, ದಾಟಿಸಿದಾಗ 208 ಕಿಲೋ ಮಾರಿದರೇ ಬರುತ್ತದೆ. ಅಂದರೆ ವ್ಯಾಪಾರದ ಹೆಚ್ಚುಕಡಿಮೆ ಅರ್ಧ ಕಳೆದುಕೊಂಡರೂ ನುಂಗಿದವರಿಗಿಂತ ಕೆಳಗೆ ಹೋಗುವುದಿಲ್ಲ. ಅರ್ಧರ್ಧದ ಜೊತೆ ಹೋಲಿಸಿದರೆ ಗೆರೆ ಹತ್ತಿರ ಬರುತ್ತದೆ: ದಾಟಿಸಿದ ಮೇಲೆ 304 ಕಿಲೋಗಿಂತ ಕೆಳಗಿಳಿದರೆ, ಅಂದರೆ ನಾಲ್ಕರಲ್ಲಿ ಒಂದು ಭಾಗ ಹೋದರೆ, ಎಲ್ಲ ಗಿರಾಕಿಗಳನ್ನೂ ಉಳಿಸಿಕೊಂಡ ಅರ್ಧರ್ಧವೇ ಮೇಲು. ಆದರೆ ಅರ್ಧರ್ಧ ಮೇಲ್ನೋಟಕ್ಕೆ ಕಾಣುವಷ್ಟು ಸುರಕ್ಷಿತವಲ್ಲ. ಅದರಲ್ಲಿ 32 ಕಿಲೋಗೆ ಮಾತ್ರ ಸಡಿಲವಿದೆ. ದರವನ್ನೂ ಏರಿಸಿ, ಒಂದೆರಡು ಹೋಟೆಲುಗಳನ್ನೂ ಕಳೆದುಕೊಂಡರೆ ಮುಗಿಯಿತು.

ಹೀಗೆ ನೋಡಿದರೆ ಪೂರ್ತಿ ದಾಟಿಸುವುದೇ ಸರಿ ಎಂದು ಕಾಣುತ್ತದೆ. ಲಾಭದ ಲೆಕ್ಕದಲ್ಲಿ ಹೌದು. ಕೈಹಣದ ಲೆಕ್ಕ ಬೇರೆ. ತಿಂಗಳಿಗೆ 384 ಕಿಲೋ ಹಸಿ ಬೀಜ ಬೇಕು. ಕಿಲೋಗೆ 50ರಂತೆ ಅದೇ ದಾಸ್ತಾನಿಗೆ 19,200 ರೂಪಾಯಿ ಹೆಚ್ಚು ಬೇಕು. ವ್ಯಾಪಾರಿ ನಗದು ಕೇಳುತ್ತಾನೆ, ಹೋಟೆಲಿನವರು ನಲವತ್ತೈದು ದಿನ ಉದ್ರಿ ಇಡುತ್ತಾರೆ. ಗ್ರಾಹಕರು ಹೊಸ ದರಕ್ಕೆ ನಗುತ್ತಾ ಒಪ್ಪಿದರೂ ಆ ಹಣ ಕೈಗೆ ಬರುವುದು ಒಂದೂವರೆ ತಿಂಗಳ ನಂತರ. ದಾಟಿಸಿದ ಅಂಗಡಿಗಳೂ ಇಂಥ ಹೊತ್ತಿನಲ್ಲಿ ಬೀಜ ತರಲಾಗದೆ ಒದ್ದಾಡುವುದು ಇದೇ ಕಾರಣಕ್ಕೆ. ಆದ್ದರಿಂದ ಉದ್ರಿ ಗಿರಾಕಿಯ ಜೊತೆ ದರದ ಮಾತಾಡುವಾಗ ದಿನದ ಮಾತನ್ನೂ ಆಡಬೇಕು: ಹದಿನೈದು ದಿನದಲ್ಲಿ ಕೊಟ್ಟರೆ ಕಿಲೋಗೆ ಹತ್ತು ರೂಪಾಯಿ ಕಡಿಮೆ ಎಂದು ಹೇಳುವುದು, ಎಲ್ಲರಿಗೂ ಇಪ್ಪತ್ತನಾಲ್ಕು ಬಿಡುವುದಕ್ಕಿಂತ ಎಷ್ಟೋ ಮೇಲು.

ಯಾರ ಮೇಲೆ ಎಷ್ಟು

ನಮ್ಮ ಅಂಗಡಿಯ 400 ಕಿಲೋದಲ್ಲಿ 160 ಕಿಲೋ ಹೋಟೆಲು ಮತ್ತು ಹೋಂಸ್ಟೇಗಳಿಗೆ, 120 ಕಿಲೋ ಬೇರೆ ಅಂಗಡಿಗಳ ಮೂಲಕ ಪ್ಯಾಕೆಟ್ಟಿನಲ್ಲಿ, 120 ಕಿಲೋ ಗಲ್ಲಾದ ಮುಂದೆ ಬಿಸಿಬಿಸಿಯಾಗಿ ಪುಡಿ ಮಾಡಿಸಿಕೊಂಡು ಹೋಗುವ ಮನೆಯವರಿಗೆ ಹೋಗುತ್ತದೆ ಎಂದುಕೊಳ್ಳಿ.

ಹೋಟೆಲಿನವರ ಲೋಟದಲ್ಲಿ ಏರಿಕೆಯನ್ನು ಅಳೆಯಿರಿ. ಫಿಲ್ಟರ್ ಕಾಫಿಗೆ ಲೋಟಕ್ಕೆ ಸುಮಾರು ಹತ್ತು ಗ್ರಾಂ ಪುಡಿ. ಕಿಲೋಗೆ ನೂರು ಲೋಟ. ತೆರಿಗೆ ಸೇರಿ ಐವತ್ತು ರೂಪಾಯಿ ಏರಿಕೆ ಎಂದರೆ ಲೋಟಕ್ಕೆ ಐವತ್ತು ಪೈಸೆ. ಹದಿನೈದೋ ಇಪ್ಪತ್ತೋ ರೂಪಾಯಿಗೆ ಕಾಫಿ ಮಾರುವ ಹೋಟೆಲಿಗೆ ಇದರಿಂದ ದೊಡ್ಡ ತೊಂದರೆ ಆಗುವುದಿಲ್ಲ. ಕೋಣೆಗೆ ದಿನಕ್ಕೆ ಸಾವಿರಗಳಲ್ಲಿ ದರ ಪಡೆಯುವ ಹೋಂಸ್ಟೇಗೆ ಲೆಕ್ಕಕ್ಕೇ ಬರುವುದಿಲ್ಲ. ಅವರಿಗೆ ನಿಜವಾಗಿ ಬೇಕಾದದ್ದು ಪ್ರತಿದಿನ ಒಂದೇ ರುಚಿ, ಹೇಳಿದ ದಿನ ಸರಬರಾಜು. ಆದರೂ ಸಂಕೋಚದಿಂದ ಅಂಗಡಿಯವರು ಮೊದಲು ರಿಯಾಯಿತಿ ಕೊಡುವುದು ಇವರಿಗೇ, ಏಕೆಂದರೆ ಇವರು ದೊಡ್ಡ ಗಿರಾಕಿಗಳು. ನನ್ನ ಅಭಿಪ್ರಾಯ ಸ್ಪಷ್ಟ: ಇವರಿಗೆ ಪೂರ್ತಿ ದಾಟಿಸಿ, ಆದರೆ ಹದಿನೈದು ದಿನ ಮುಂಚೆ ತಿಳಿಸಿ. ಆ ಹದಿನೈದು ದಿನವನ್ನು ನೀವು ನುಂಗಿ. ಬರೆದು ತಿಳಿಸಿ, ಬಾಯಿಮಾತು ಅಡುಗೆಮನೆಯವರಿಗೆ ತಲುಪುತ್ತದೆ, ಬಿಲ್ಲು ಪಾಸು ಮಾಡುವವರಿಗೆ ತಲುಪುವುದಿಲ್ಲ. ಮೊಬೈಲಿನಲ್ಲಿ ಇಷ್ಟು ಕಳುಹಿಸಿದರೆ ಸಾಕು:

"ನಮಸ್ಕಾರ ಅಕ್ಕ. ಬೀಜದ ದರ ಕಿಲೋಗೆ 50 ರೂಪಾಯಿ ಏರಿದೆ. ನಿಮ್ಮ 80:20 ಪುಡಿಗೆ ಅದರಿಂದ 48 ರೂಪಾಯಿ ಹೆಚ್ಚು ಬೀಳುತ್ತದೆ. ಈ ತಿಂಗಳ 15ರವರೆಗೆ ಹಳೆಯ ದರವೇ. 16ರಿಂದ ತೆರಿಗೆ ಬಿಟ್ಟು 498. ಬೀಜ ಇಳಿದರೆ ಇದೇ ಲೆಕ್ಕದಲ್ಲಿ ಇಳಿಸುತ್ತೇವೆ. ಪುಡಿಯ ಹದದಲ್ಲಿ ಬದಲಾವಣೆ ಇಲ್ಲ."

ಇದರಲ್ಲಿ ಕ್ಷಮೆ ಕೇಳಿಲ್ಲ, ಯುದ್ಧ-ಹವಾಮಾನದ ಕಥೆ ಹೇಳಿಲ್ಲ. ಎಷ್ಟು, ಯಾವಾಗಿನಿಂದ, ಇಳಿದರೆ ಏನು ಎಂಬ ಮೂರು ವಿಷಯ ಇವೆ. ಚೌಕಾಸಿ ಮಾಡುವವರಿಗೂ ಮಾತಾಡಲು ಒಂದು ಆಧಾರ ಸಿಗುತ್ತದೆ.

ಮಾತು ಕೊಟ್ಟಿರುವಲ್ಲಿ ಮಾತ್ರ ಬೇರೆ ದಾರಿಯಿಲ್ಲ. ಮದುವೆಗೆಂದು ಮುಂಗಡ ಪಡೆದ ಹದಿನೈದು ಕಿಲೋ ಇದ್ದರೆ, ಇಡೀ ಸೀಸನ್ನಿಗೆ ಒಂದೇ ದರ ಎಂದು ಬರೆದುಕೊಟ್ಟ ಹೋಂಸ್ಟೇ ಇದ್ದರೆ, ಅಷ್ಟನ್ನು ನುಂಗಲೇಬೇಕು. ಕೊಡಗಿನಷ್ಟು ಸಣ್ಣ ಜಿಲ್ಲೆಯಲ್ಲಿ ಮದುವೆ ಮನೆಯಲ್ಲಿ ದರದ ಜಗಳ ಮಾಡಿದ ಅಂಗಡಿಯ ಹೆಸರು ನಾಪೋಕ್ಲಿನಿಂದ ಸೋಮವಾರಪೇಟೆಯವರೆಗೆ ಹೋಗಲು ಬಹಳ ದಿನ ಬೇಕಾಗುವುದಿಲ್ಲ. ಆದರೆ ನುಂಗಿದ್ದು ಗಿರಾಕಿಗೆ ಗೊತ್ತಾಗಬೇಕು. ಗೊತ್ತಾಗದೆ ನುಂಗಿದರೆ ಹಣವೂ ಹೋಯಿತು, ಉಪಕಾರವೂ ಉಳಿಯಲಿಲ್ಲ. ಮುಂದಿನ ತಿಂಗಳು ಏರಿಸಿದಾಗ ಅವರಿಗೆ ಅದೇ ಮೊದಲ ಏರಿಕೆಯಂತೆ ಕಾಣುತ್ತದೆ. ಬಿಲ್ಲಿನಲ್ಲಿ ದರ 498 ಎಂದೇ ಬರೆದು, ಕೆಳಗೆ "ಒಪ್ಪಿದ ದರದ ರಿಯಾಯಿತಿ 48" ಎಂದು ಕಳೆಯಿರಿ. ಬಿಲ್ಲಿನಲ್ಲೇ ತೋರಿಸಿದ ರಿಯಾಯಿತಿಯ ಮೇಲೆ ಜಿಎಸ್‌ಟಿ ಕಟ್ಟಬೇಕಾಗಿಲ್ಲ, ಹಾಗಾಗಿ ಇದರಿಂದ ನಷ್ಟವಿಲ್ಲ.

ಗಲ್ಲಾದ ಮುಂದಿನ ಮನೆ ಗಿರಾಕಿಗಳ ವಿಷಯ ಸೂಕ್ಷ್ಮ. ಇವರು ಅರ್ಧ ಕಿಲೋ, ಕಾಲು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾರೆ, ನೋಟಿನ ಲೆಕ್ಕದಲ್ಲಿ ಯೋಚಿಸುತ್ತಾರೆ. ಹುರಿದ ಕಾಫಿಪುಡಿಗೆ ಶೇಕಡಾ 5 ತೆರಿಗೆ ಸೇರಿಸಿದರೆ ಹಳೆಯ ಅರ್ಧ ಕಿಲೋ 236 ರೂಪಾಯಿ. ಪೂರ್ತಿ ದಾಟಿಸಿದರೆ 261. ಅರ್ಧ ದಾಟಿಸಿದರೆ 249. ಇನ್ನೂರೈವತ್ತರ ಆಚೆ ಹೋದದ್ದು ಕಣ್ಣಿಗೆ ಬೀಳುತ್ತದೆ, ಈಚೆ ನಿಂತದ್ದು ಅಷ್ಟು ಬೀಳುವುದಿಲ್ಲ. ಆದ್ದರಿಂದ ಇಲ್ಲಿ ಹಂಚಿಕೊಳ್ಳುವ ದಾರಿ ಹೊಂದುತ್ತದೆ: ಈಗ ಅರ್ಧ, ಎರಡು ತಿಂಗಳ ನಂತರವೂ ಬೀಜ ಇಳಿಯದಿದ್ದರೆ ಉಳಿದರ್ಧ. ಎರಡನೆಯ ಹಂತದ ತಾರೀಖನ್ನು ಮೊದಲ ದಿನವೇ ಹಲಗೆಯ ಮೇಲೆ ಬರೆಯಿರಿ. ಬರೆಯದಿದ್ದರೆ ಎರಡನೆಯ ಏರಿಕೆಯ ದಿನ "ಮೊನ್ನೆಯಷ್ಟೇ ಏರಿಸಿದ್ದಿರಲ್ಲ" ಎಂಬ ಮಾತು ಖಂಡಿತ ಬರುತ್ತದೆ, ಆಗ ಕೈ ಸೋಲುತ್ತದೆ, ಅರ್ಧರ್ಧ ಎಂದು ಶುರುವಾದದ್ದು ಕೊನೆಯಿಲ್ಲದ ಅರ್ಧ ನುಂಗುವಿಕೆಯಾಗುತ್ತದೆ. ಹಲಗೆಯನ್ನು ಸಂತೆಯ ದಿನ ಹಾಕಿ, ಮುಂದಿನ ಸಂತೆಯಿಂದ ಹೊಸ ದರ ಜಾರಿಗೆ ತನ್ನಿ. ಒಂದು ಸಲ ಹಳೆಯ ದರಕ್ಕೆ ಕೊಂಡವರು ಮುಂದಿನ ಸಲ ಹೊಸ ದರಕ್ಕೆ ಕೊಳ್ಳಲು ತಯಾರಾಗಿ ಬರುತ್ತಾರೆ. ಪುಡಿಯ ಘಮ ಕೆಲವೇ ವಾರಗಳಲ್ಲಿ ಹೋಗುವುದರಿಂದ ಯಾರೂ ಹಳೆಯ ದರದಲ್ಲಿ ಐದು ಕಿಲೋ ಕೂಡಿಡುವುದಿಲ್ಲ.

ಪ್ಯಾಕೆಟ್ಟಿಗೆ ಕಾನೂನು ನಿಮ್ಮ ಬದಲು ತೀರ್ಮಾನ ಮಾಡಿರುತ್ತದೆ. ಎಂಆರ್‌ಪಿ ಮುದ್ರಿಸಿದ ಪ್ಯಾಕೆಟ್ಟನ್ನು ಅದಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲ, ಮೇಲೆ ಚೀಟಿ ಅಂಟಿಸಿ ದರ ಏರಿಸುವಂತೆಯೂ ಇಲ್ಲ. ಚೀಟಿ ಅಂಟಿಸಬಹುದಾದದ್ದು ದರ ಇಳಿಸಲು ಮಾತ್ರ, ಅದೂ ಹಳೆಯ ದರ ಕಾಣುವಂತೆ. ಅಂಗಡಿಗಳಿಗೆ ಹೋಗಿರುವ ಮಾಲು ಹಳೆಯ ದರಕ್ಕೇ ಖಾಲಿಯಾಗಬೇಕು. ಹೊಸ ಪ್ಯಾಕಿಂಗಿನ ಮೇಲೆ ಹೊಸ ಎಂಆರ್‌ಪಿ ಮತ್ತು ಗ್ರಾಂ ಲೆಕ್ಕದ ದರ ಬೀಳಬೇಕು. ಕವರುಗಳನ್ನು ಮುದ್ರಿಸುವಾಗ ದರದ ಜಾಗ ಖಾಲಿ ಬಿಟ್ಟು, ಪ್ಯಾಕ್ ಮಾಡುವ ದಿನ ಮುದ್ರೆ ಒತ್ತುವವರಿಗೆ ಇದು ಒಂದು ದಿನದ ಕೆಲಸ. ಸಾವಿರಾರು ಕವರುಗಳ ಮೇಲೆ ದರವನ್ನೂ ಒಟ್ಟಿಗೇ ಮುದ್ರಿಸಿಟ್ಟವರು ಆ ಕವರು ಮುಗಿಯುವವರೆಗೆ ಅನಿವಾರ್ಯವಾಗಿ ನುಂಗುತ್ತಾರೆ. ಪ್ರವಾಸಿಗರು ಕೊಳ್ಳುವ ಪ್ಯಾಕೆಟ್ಟಿಗೆ ಹೊಸ ದರ ಪೂರ್ತಿ ಹಾಕಿದರೂ ಮಾರಾಟದಲ್ಲಿ ವ್ಯತ್ಯಾಸ ಸಣ್ಣದು. ಆದರೆ ಎಲ್ಲರ ಪಾಲನ್ನೂ ಅವರ ಮೇಲೆ ಹೇರಲು ಹೋಗಬೇಡಿ, ಪಕ್ಕದಲ್ಲೇ ಸಾಲು ಸಾಲು ಸಾಂಬಾರ ಮಳಿಗೆಗಳಿವೆ.

ಈ ಮೂರನ್ನೂ ಕೂಡಿಸಿದರೆ ಮೊದಲ ತಿಂಗಳು ಹೀಗೆ ಬರುತ್ತದೆ. ಹೋಟೆಲುಗಳಿಗೆ ಅರ್ಧ ತಿಂಗಳು ಹಳೆಯ ದರ, ಅರ್ಧ ತಿಂಗಳು ಹೊಸದು: 12,160. ಮನೆ ಗಿರಾಕಿಗಳಿಂದ 9,120. ಪ್ಯಾಕೆಟ್ಟಿನಲ್ಲಿ ಅರ್ಧ ಹಳೆಯ ಮಾಲು, ಅರ್ಧ ಹೊಸದು ಎಂದರೆ 9,120. ಒಟ್ಟು 30,400. ಎಲ್ಲರಿಗೂ ಅರ್ಧರ್ಧ ಮಾಡಿದಾಗ ಬಂದ ಮೊತ್ತವೇ ಇದು. ವ್ಯತ್ಯಾಸ ಎರಡನೆಯ ತಿಂಗಳಲ್ಲಿ ಕಾಣುತ್ತದೆ: ಅರ್ಧರ್ಧ ಮಾಡಿದವರು ಅಲ್ಲೇ ನಿಂತಿರುತ್ತಾರೆ, ಈ ಅಂಗಡಿ 37,120ಕ್ಕೆ ಬಂದಿರುತ್ತದೆ. ಮೂರನೆಯ ತಿಂಗಳಿಗೆ, ಮಾರಾಟ ಕುಸಿಯದಿದ್ದರೆ, ಮತ್ತೆ 40,000. ಹೊಸ ದರ ಯಾವ ಗಿರಾಕಿಗೂ ಹೇಳದೆ ಕೇಳದೆ ಬಂದಿರುವುದಿಲ್ಲ.

ನಾಲ್ಕನೆಯ ದಾರಿ ಎಂಬ ಆಸೆ

ದರ ಹಾಗೇ ಇಟ್ಟು ಚಿಕೋರಿ ಹೆಚ್ಚಿಸುವ ಯೋಚನೆ ಎಲ್ಲರಿಗೂ ಬರುತ್ತದೆ. ಲೆಕ್ಕವೂ ಆಕರ್ಷಕ: 80:20 ಬದಲು 70:30 ಮಾಡಿದರೆ ಅಸಲು 398ರಿಂದ 371ಕ್ಕೆ ಇಳಿಯುತ್ತದೆ, 48ರ ಏರಿಕೆಯಲ್ಲಿ 27 ಮಾಯ. ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇಕಡಾ 51 ಇರಬೇಕು, ಎರಡರ ಪ್ರಮಾಣವನ್ನೂ ಪ್ಯಾಕೆಟ್ಟಿನ ಮೇಲೆ ಬರೆಯಬೇಕು ಎಂಬುದು ಆಹಾರ ಕಾಯ್ದೆಯ ನಿಯಮ. ಬರೆದು ಮಾಡಿದರೆ ತಪ್ಪೇನಿಲ್ಲ. ಹೇಳದೆ ಮಾಡುವುದು ಮಾತ್ರ ಮೋಸ, ಮತ್ತು ಅದು ಬೇಗ ಸಿಕ್ಕಿಬೀಳುತ್ತದೆ. ಚಿಕೋರಿ ಹೆಚ್ಚಾದರೆ ಡಿಕಾಕ್ಷನ್ ಕಪ್ಪಾಗುತ್ತದೆ, ಮಂದವಾಗುತ್ತದೆ, ಫಿಲ್ಟರಿನಿಂದ ಇಳಿಯುವುದು ನಿಧಾನವಾಗುತ್ತದೆ. ಒಂದು ಲೋಟ ತಣ್ಣೀರಿನ ಮೇಲೆ ಚಿಟಿಕೆ ಪುಡಿ ಉದುರಿಸಿದರೆ ಕಾಫಿ ತೇಲುತ್ತದೆ, ಚಿಕೋರಿ ಕಂದು ಗೆರೆ ಬಿಡುತ್ತಾ ತಳ ಸೇರುತ್ತದೆ. ಮನೆಯ ಹಿಂದೆಯೇ ಕಾಫಿ ತೋಟ ಇರುವ ಊರಿನಲ್ಲಿ ಈ ಪರೀಕ್ಷೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹಳೆಯ ದರದ ಆಸುಪಾಸಿನಲ್ಲಿ ಒಂದು ಪುಡಿ ಬೇಕೆನ್ನುವವರಿಗೆ 70:30 ಅನ್ನು ಬೇರೆ ಹೆಸರಿನಲ್ಲಿ, ಬೇರೆ ಡಬ್ಬಿಯಲ್ಲಿ ಇಡಿ. ಆಯ್ಕೆ ಅವರದ್ದಾಗಲಿ.

ಕಾಲು ಕಿಲೋ ಪ್ಯಾಕೆಟ್ಟನ್ನು 225 ಗ್ರಾಂ ಮಾಡುವುದೂ ಇದೇ ಜಾತಿಯದು. ತೂಕ ಸರಿಯಾಗಿ ಬರೆದರೆ ಕಾನೂನು ತಡೆಯುವುದಿಲ್ಲ. ಆದರೆ ಡಬ್ಬಿ ತುಂಬದಿದ್ದಾಗ ಮನೆಯವರಿಗೆ ಅಂದೇ ತಿಳಿಯುತ್ತದೆ.

ಏನು ನೋಡುತ್ತಿರಬೇಕು

ದರ ಏರಿಸಿದ ಮೇಲೆ ಒಟ್ಟು ಮಾರಾಟ ನೋಡಿ ಸಮಾಧಾನಪಡಬೇಡಿ. ಹೋಟೆಲಿನವರು ಜಗಳ ಮಾಡಿ ಬಿಟ್ಟುಹೋಗುವುದಿಲ್ಲ. ವಾರಕ್ಕೆ ಹತ್ತು ಕಿಲೋ ತರಿಸುತ್ತಿದ್ದವರು ಆರು ಕಿಲೋಗೆ ಇಳಿಯುತ್ತಾರೆ, ಉಳಿದ ನಾಲ್ಕು ಬೇರೆ ಕಡೆಯಿಂದ ಬಂದು ನಿಮ್ಮ ಪುಡಿಯ ಜೊತೆ ಬೆರೆಯುತ್ತದೆ. ಆಮೇಲೆ ರುಚಿ ಕೆಟ್ಟಿತೆಂಬ ದೂರು ನಿಮಗೇ ಬರುತ್ತದೆ. ಗಿರಾಕಿವಾರು ವಾರದ ತೂಕ ಬರೆದಿಡುವುದೇ ಇದನ್ನು ಹಿಡಿಯುವ ದಾರಿ. ಎರಡನೆಯ ಲಕ್ಷಣ ಪಾವತಿ. ದರಕ್ಕೆ ಒಂದು ಮಾತೂ ಆಡದೆ ಒಪ್ಪಿದವರು ನಲವತ್ತೈದು ದಿನದ ಉದ್ರಿಯನ್ನು ಅರವತ್ತಕ್ಕೆ ಎಳೆದರೆ, ಏರಿಕೆಯನ್ನು ನಿಮಗೇ ಹಿಂದಿರುಗಿಸಿದ್ದಾರೆ ಎಂದೇ ಅರ್ಥ. ಇನ್ನೊಂದು, ಜುಲೈ-ಆಗಸ್ಟಿನಲ್ಲಿ ಮಳೆಗೆ ಪ್ರವಾಸಿಗರು ಕಡಿಮೆಯಾಗಿ ಮಾರಾಟ ತಾನಾಗಿಯೇ ಇಳಿಯುತ್ತದೆ. ಅದನ್ನು ದರ ಏರಿಕೆಯ ಫಲ ಎಂದು ಹೆದರಿ ದರ ಇಳಿಸುವವರಿದ್ದಾರೆ. ಹೋದ ತಿಂಗಳ ಜೊತೆಗಲ್ಲ, ಹೋದ ವರ್ಷದ ಅದೇ ತಿಂಗಳ ಜೊತೆ ಹೋಲಿಸಿ.

ಎಷ್ಟು ದಿನ ನುಂಗಬಹುದು ಎಂಬುದಕ್ಕೂ ಋತುವೇ ಒಂದು ಅಳತೆ. ಕೊಡಗಿನ ರೊಬಸ್ಟಾ ಕೊಯ್ಲು ಮುಖ್ಯವಾಗಿ ಜನವರಿಯಿಂದ ಮಾರ್ಚ್ ಒಳಗೆ ಆಗುತ್ತದೆ. ಹೊಸ ಫಸಲು ಬರುವ ಮುನ್ನ, ನವೆಂಬರ್-ಡಿಸೆಂಬರ್‌ನಲ್ಲಿ, ಸ್ಥಳೀಯವಾಗಿ ಬೀಜ ಸಿಗದೆ ದರ ಏರಿದ್ದರೆ ಒಂದೆರಡು ತಿಂಗಳು ಅರ್ಧ ನುಂಗಿ ಕಾಯುವುದಕ್ಕೆ ಅರ್ಥವಿದೆ. ಬ್ರೆಜಿಲ್ ಅಥವಾ ವಿಯೆಟ್ನಾಂನ ಫಸಲೇ ಕೆಟ್ಟು ಏರಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ. ಅಲ್ಲಿನ ಮುಂದಿನ ಫಸಲಿನವರೆಗೆ ಬಿಗಿ ಸಡಿಲವಾಗುವುದು ಕಷ್ಟ, ಗಿಡವೇ ಸುಟ್ಟಿದ್ದರೆ ಇನ್ನೂ ಹೆಚ್ಚು ಕಾಲ.

ಇಳಿಯುವಾಗ

ಇಲ್ಲಿನ ಗಿರಾಕಿಗೆ ಬೀಜದ ದರ ಗೊತ್ತು ಎಂದು ಮೊದಲೇ ಹೇಳಿದೆ. ಸಿದ್ದಾಪುರದ ಬೆಳೆಗಾರ ಬೆಳಿಗ್ಗೆ ಪತ್ರಿಕೆಯಲ್ಲಿ ಚೆರಿ ದರ ನೋಡಿ, ಮಧ್ಯಾಹ್ನ ನಿಮ್ಮ ಅಂಗಡಿಯಲ್ಲಿ ಪುಡಿ ಕೊಳ್ಳುತ್ತಾನೆ. ಏರುವಾಗ ಇದು ನಿಮಗೆ ಅನುಕೂಲ, ವಿವರಣೆ ಬೇಕಿಲ್ಲ. ಇಳಿದಾಗ ಅದೇ ಮನುಷ್ಯ ಗಲ್ಲಾದ ಮುಂದೆ ನಿಂತು "ಮೂಟೆಗೆ ಸಾವಿರ ಇಳಿಯಿತಲ್ಲ ಅಣ್ಣ, ಪುಡಿ ಯಾವಾಗ?" ಎಂದು ಕೇಳುತ್ತಾನೆ. ಅವನು ಕೇಳುವುದು ನ್ಯಾಯ. ಆದರೆ ಆ ದಿನ ನಿಮ್ಮ ಗೋದಾಮಿನಲ್ಲಿ ದುಬಾರಿ ದರಕ್ಕೆ ತಂದ ಬೀಜ ಇರುತ್ತದೆ ಎಂಬುದೂ ನಿಜ.

ಇದಕ್ಕೆ ನಾನು ಹೇಳುವ ನಿಯಮ ಎರಡು ಸಾಲಿನದು, ಏರಿಸುವ ದಿನವೇ ಹಲಗೆಯ ಮೇಲೆ ಬರೆಯಬೇಕಾದದ್ದು. ಬೀಜದ ದರ ಇಪ್ಪತ್ತು ರೂಪಾಯಿಗಿಂತ ಹೆಚ್ಚು ಬದಲಾಗಿ ಹದಿನೈದು ದಿನ ಅಲ್ಲೇ ನಿಂತರೆ ಮಾತ್ರ ಪುಡಿಯ ದರ ಬದಲಾಗುತ್ತದೆ. ಏರುವಾಗ ಹಳೆಯ ದಾಸ್ತಾನಿನ ಮೇಲೆ ಎಷ್ಟು ದಿನ ಹಳೆಯ ದರ ಉಳಿಸಿದೆವೋ, ಇಳಿಯುವಾಗಲೂ ಅಷ್ಟೇ ದಿನ ತೆಗೆದುಕೊಳ್ಳುತ್ತೇವೆ. ಏರಿಕೆಯ ದಿನವೇ ಕೈಯಲ್ಲಿದ್ದ ಅಗ್ಗದ ಬೀಜಕ್ಕೂ ಹೊಸ ದರ ಹಾಕಿದ ಅಂಗಡಿ ಇಳಿಕೆಯ ದಿನವೇ ದುಬಾರಿ ಬೀಜವನ್ನು ಕಡಿಮೆ ದರಕ್ಕೆ ಮಾರಬೇಕಾಗುತ್ತದೆ. ಹದಿನೈದು ದಿನ ಬಿಟ್ಟ ಅಂಗಡಿಗೆ ಹದಿನೈದು ದಿನ ಸಿಗುತ್ತದೆ. ಆ ಹದಿನೈದು ದಿನದಲ್ಲಿ ನಮ್ಮ ಉದಾಹರಣೆಯ ಅಂಗಡಿ ಸುಮಾರು 190 ಕಿಲೋ ಹಸಿ ಬೀಜ ಹುರಿದು ಮುಗಿಸಿರುತ್ತದೆ. ಆದ್ದರಿಂದ ದರ ಇಳಿಮುಖವಾಗಿರುವ ತಿಂಗಳುಗಳಲ್ಲಿ ಐವತ್ತು ಕಿಲೋದ ನಾಲ್ಕು ಮೂಟೆ ಹಸಿ ಬೀಜಕ್ಕಿಂತ ಹೆಚ್ಚು ದಾಸ್ತಾನು ಇಟ್ಟುಕೊಳ್ಳಬೇಡಿ.